ನಡುವಿನ ಚಿತ್ರ: ಎಲ್ಲಿ, ಯಾವಾಗ?

ಕಾರ್ಟೂನ್ ಚಿತ್ರ ಹೇಗೆ ಓಡುತ್ತದೆ ಎಂಬುದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಸ್ವಲ್ಪ ಸ್ವಲ್ಪವೇ ಬದಲಾಗುವ ಚಿತ್ರಗಳನ್ನು ಒಂದರ ಹಿಂದೊಂದು ಬೇಗ ಬೇಗ ತೋರಿಸಿದರೆ ನಮಗೆ ಚಲನೆ ಕಾಣುತ್ತದೆ. ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚೆಂಡು ಬರೆದು, ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ತಿಳಿದವರಿಗೆ ಸಹಜವಾಗಿಯೇ ಒಂದು ಎಣಿಕೆ ಇರುತ್ತದೆ. ಚಲನೆಯ ಮೊದಲ ಚಿತ್ರ, ಕೊನೆಯ ಚಿತ್ರ ಎರಡನ್ನೂ ಚೆನ್ನಾಗಿ ಬರೆದುಬಿಟ್ಟರೆ ನಡುವಿನದನ್ನು ತುಂಬಿಸುವುದು ತಾಳ್ಮೆಯ ಕೆಲಸ ಮಾತ್ರ, ಅದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ ಎಂಬುದೇ ಆ ಎಣಿಕೆ. ಅದು ಸರಿಯೇ ಎಂದು ನೋಡಲು ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಹುಡುಗಿ ಪಕ್ಕಕ್ಕೆ ಮುಖ ಮಾಡಿ ನಿಂತಿದ್ದಾಳೆ. ಮೊದಲ ಚಿತ್ರದಲ್ಲಿ ಅವಳ ಕೈ ಕೆಳಗೆ ಇಳಿಬಿದ್ದಿದೆ. ಕೊನೆಯ ಚಿತ್ರದಲ್ಲಿ ಅದೇ ಕೈ ಮುಂದಕ್ಕೆ ಚಾಚಿ ಬೇಲಿಯಾಚೆಯ ಮಾವಿನ ಮರವನ್ನು ತೋರಿಸುತ್ತಿದೆ. ನಡುವೆ ಐದು ಚಿತ್ರಗಳು ಬೇಕು, ಇಡೀ ಚಲನೆ ಅರ್ಧ ಸೆಕೆಂಡಿನಲ್ಲಿ ಮುಗಿಯಬೇಕು.

ಈಗ ಮೂವರು ಕಲಾವಿದರಿಗೆ ಈ ಎರಡು ಚಿತ್ರಗಳನ್ನೇ ಕೊಟ್ಟು ನಡುವಿನ ಐದನ್ನು ಬರೆಯಲು ಹೇಳಿದೆವು ಎನ್ನಿ. ಒಬ್ಬರ ಹುಡುಗಿ ಸಮಾಧಾನವಾಗಿ ಮರ ತೋರಿಸುತ್ತಾಳೆ. ಇನ್ನೊಬ್ಬರ ಹುಡುಗಿ ಎದುರಿಗಿರುವ ಏನನ್ನೋ ರಪ್ಪನೆ ಹೊಡೆಯುತ್ತಾಳೆ. ಮೂರನೆಯವರ ಹುಡುಗಿಯ ಕೈ ಗೇಟಿನ ಕಂಬಿಯ ಹಾಗೆ ಯಾಂತ್ರಿಕವಾಗಿ ಮೇಲೇಳುತ್ತದೆ, ಅದೂ ದಾರಿಯಲ್ಲಿ ಗಿಡ್ಡವಾಗಿ ಮತ್ತೆ ಉದ್ದವಾಗುತ್ತದೆ. ಮೊದಲ ಚಿತ್ರ ಅದೇ, ಕೊನೆಯ ಚಿತ್ರ ಅದೇ, ಅವಧಿ ಅದೇ, ಚಿತ್ರಗಳ ಸಂಖ್ಯೆಯೂ ಅದೇ. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು?

ಕಣ್ಣು ಅಳೆಯುವುದು ಅಂತರವನ್ನು

ಸಿನಿಮಾ ಒಂದು ಸೆಕೆಂಡಿಗೆ 24 ಫ್ರೇಮುಗಳಂತೆ ಓಡುತ್ತದೆ. ಕೈಯಿಂದ ಬರೆಯುವ ಆ್ಯನಿಮೇಶನ್‌ನಲ್ಲಿ ಸಾಮಾನ್ಯವಾಗಿ ಫ್ರೇಮಿಗೊಂದು ಚಿತ್ರ ಬರೆಯುವುದಿಲ್ಲ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸುತ್ತಾರೆ, ಅಂದರೆ ಸೆಕೆಂಡಿಗೆ 12 ಚಿತ್ರ. ಕಲಾವಿದರು ಇದನ್ನು 'ಟೂಸ್' ಎನ್ನುತ್ತಾರೆ. ಫ್ರೇಮಿಗೊಂದು ಚಿತ್ರವಾದರೆ ಅದು 'ಒನ್ಸ್'. ನಡಿಗೆ, ಮಾತು, ಕೈಸನ್ನೆಯಂಥ ಸಾಧಾರಣ ಚಲನೆಗಳಿಗೆ ಟೂಸ್ ಧಾರಾಳವಾಗಿ ಸಾಕು.

ಈ ಬಿಡಿ ಚಿತ್ರಗಳು ಚಲನೆಯಾಗುವುದು ತಲೆಯೊಳಗೆ. 1912ರಲ್ಲಿ ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ತೈಮರ್ ಈ ಬಗ್ಗೆ ಪ್ರಯೋಗ ಪ್ರಕಟಿಸಿದರು. ಬೇರೆ ಬೇರೆ ಜಾಗದಲ್ಲಿರುವ ಎರಡು ಗೆರೆಗಳನ್ನು ಅತಿ ಚಿಕ್ಕ ಬಿಡುವಿನಲ್ಲಿ ಒಂದಾದ ಮೇಲೊಂದು ತೋರಿಸಿದರೆ, ನೋಡುವವರಿಗೆ ಎರಡು ಗೆರೆ ಕಾಣುವುದಿಲ್ಲ. ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದಂತೆ ಕಾಣುತ್ತದೆ. ನಡುವಿನ ದಾರಿಯನ್ನು ಯಾರೂ ತೋರಿಸಿರುವುದಿಲ್ಲ, ಅದನ್ನು ಮಿದುಳು ತಾನೇ ಜೋಡಿಸಿಕೊಳ್ಳುತ್ತದೆ.

ಮಿದುಳು ಹೀಗೆ ಜೋಡಿಸುವಾಗ ಅದಕ್ಕೆ ಸಿಗುವ ಸುಳಿವು ಎರಡೇ. ವಸ್ತು ಎಷ್ಟು ದೂರ ಸರಿಯಿತು, ಎಷ್ಟು ಹೊತ್ತಿನಲ್ಲಿ ಸರಿಯಿತು. ಟೂಸ್‌ನಲ್ಲಿ ಹೊತ್ತು ಬದಲಾಗುವುದೇ ಇಲ್ಲ, ಪ್ರತಿ ಚಿತ್ರಕ್ಕೂ ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಆದ್ದರಿಂದ ವೇಗದ ಅನಿಸಿಕೆ ಪೂರ್ತಿಯಾಗಿ ಅಂತರದ ಮೇಲೆ ನಿಂತಿದೆ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬೆರಳ ತುದಿ ಕೊಂಚವೇ ಸರಿದರೆ ಕೈ ನಿಧಾನ, ದೂರ ಜಿಗಿದರೆ ಕೈ ಬಿರುಸು.

ಬಸ್ಸೊಂದನ್ನು ನೆನೆಯಿರಿ. ನಿಲ್ದಾಣದಿಂದ ಹೊರಟ ಬಸ್ಸು ಪ್ರತಿ ಹತ್ತು ಸೆಕೆಂಡಿಗೆ ಎಲ್ಲಿತ್ತು ಎಂದು ರಸ್ತೆಯ ಮೇಲೆ ಸುಣ್ಣದ ಗುರುತು ಹಾಕುತ್ತಾ ಹೋದರೆ, ನಿಲ್ದಾಣದ ಬಳಿ ಗುರುತುಗಳು ಒತ್ತೊತ್ತಾಗಿರುತ್ತವೆ, ನಡುದಾರಿಯಲ್ಲಿ ದೂರ ದೂರ, ಮುಂದಿನ ನಿಲ್ದಾಣ ಹತ್ತಿರ ಬಂದಂತೆ ಮತ್ತೆ ಒತ್ತೊತ್ತು. ಬಸ್ಸನ್ನು ಕಾಣದವರೂ ಆ ಗುರುತುಗಳನ್ನು ನೋಡಿ ಅದು ಹೇಗೆ ಹೊರಟಿತು, ಹೇಗೆ ನಿಂತಿತು ಎಂದು ಹೇಳಬಲ್ಲರು. ಗುರುತುಗಳೆಲ್ಲ ಸಮ ದೂರದಲ್ಲಿದ್ದರೆ ಅದು ಯಾವ ಬಸ್ಸೂ ಓಡುವ ರೀತಿಯಲ್ಲ.

ನಮ್ಮ ಹುಡುಗಿಯ ಕೈಗೂ ಇದೇ ಲೆಕ್ಕ. ಕಾಗದದ ಮೇಲೆ ಅವಳ ತೋಳು ಭುಜದಿಂದ ಬೆರಳ ತುದಿಯವರೆಗೆ 10 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಕೆಳಗಿನಿಂದ ನೇರ ಮುಂದಕ್ಕೆ ಬರುವಾಗ ಬೆರಳು ಕಾಲು ವೃತ್ತದಷ್ಟು, ಅಂದರೆ ಹೆಚ್ಚುಕಡಿಮೆ 16 ಸೆಂಟಿಮೀಟರ್ ದಾರಿ ಸವೆಸುತ್ತದೆ. ನಡುವೆ ಐದು ಚಿತ್ರ ಬಂದರೆ ಆರು ಜಿಗಿತಗಳಾಗುತ್ತವೆ. 16 ಸೆಂಟಿಮೀಟರನ್ನು ಈ ಆರು ಜಿಗಿತಗಳಿಗೆ ಹೇಗೆ ಹಂಚುತ್ತೇವೆ ಎಂಬುದೇ ಎಲ್ಲ.

2, 2, 4, 4, 2, 2 ಎಂದು ಹಂಚಿದರೆ ಕೈ ಮೆಲ್ಲಗೆ ಹೊರಟು, ನಡುವೆ ವೇಗ ಪಡೆದು, ಮೆಲ್ಲಗೆ ನಿಲ್ಲುತ್ತದೆ. ಇವಳು ಮರ ತೋರಿಸುವ ಹುಡುಗಿ. 1, 1, 2, 3, 4, 5 ಎಂದು ಹಂಚಿದರೆ ಅತಿ ದೊಡ್ಡ ಜಿಗಿತ ಕೊನೆಗೆ ಬಂದು, ಅಲ್ಲೇ ಕೈ ಒಮ್ಮೆಗೇ ನಿಂತುಬಿಡುತ್ತದೆ. ಹಾಗೆ ನಿಲ್ಲಬೇಕಾದರೆ ಏನೋ ಅಡ್ಡ ಸಿಕ್ಕಿರಬೇಕು ಎಂದು ಮಿದುಳು ತೀರ್ಮಾನಿಸುತ್ತದೆ. ಇವಳು ಹೊಡೆಯುವ ಹುಡುಗಿ. ಆರಕ್ಕೂ ಸಮನಾಗಿ ಸುಮಾರು 2.7 ಸೆಂಟಿಮೀಟರಿನಷ್ಟು ಹಂಚಿದರೆ ಕೈ ಹೊರಡುವುದೂ ಇಲ್ಲ, ನಿಲ್ಲುವುದೂ ಇಲ್ಲ, ಬರೀ ಸರಿಯುತ್ತದೆ. ಅದು ಮೂರನೆಯವಳ ಯಾಂತ್ರಿಕ ಕೈ.

ಹೆಸರಿಟ್ಟುಕೊಳ್ಳೋಣ

ಚಲನೆಯ ಎರಡು ತುದಿಗಳನ್ನು ಹೇಳುವ ಚಿತ್ರಗಳನ್ನು ಮುಖ್ಯಚಿತ್ರ ಎಂದು ಕರೆಯೋಣ. ಸ್ಟುಡಿಯೋದಲ್ಲಿ ಇವುಗಳನ್ನು 'ಕೀ' ಎನ್ನುತ್ತಾರೆ. ಎರಡು ಮುಖ್ಯಚಿತ್ರಗಳ ನಡುವೆ ಮೊದಲು ಬರೆಯುವ, ಯಾವ ಹಾದಿಯಲ್ಲಿ ಸಾಗಬೇಕು ಎಂದು ತೀರ್ಮಾನಿಸುವ ಚಿತ್ರ ಹಾದಿಚಿತ್ರ, ಅವರ ಮಾತಿನಲ್ಲಿ 'ಬ್ರೇಕ್‌ಡೌನ್'. ಉಳಿದವು ನಡುಚಿತ್ರಗಳು, 'ಇನ್-ಬಿಟ್ವೀನ್'.

ಮುಖ್ಯಚಿತ್ರಗಳನ್ನು ಮೊದಲು ಬರೆದು ನಡುವನ್ನು ಆಮೇಲೆ ತುಂಬುವ ಪದ್ಧತಿ ಆ್ಯನಿಮೇಶನ್‌ನಷ್ಟೇ ಹಳೆಯದು ಎನ್ನಬಹುದು. 1914ರಲ್ಲಿ 'ಗರ್ಟಿ ದಿ ಡೈನೋಸಾರ್' ತಯಾರಿಸಿದ ಅಮೆರಿಕದ ವಿನ್ಸರ್ ಮೆಕೇ ಚಲನೆಯನ್ನು ಹೀಗೆಯೇ ಒಡೆದುಕೊಂಡು, ಎರಡರ ನಡುವೆ ಒಂದು, ಅವುಗಳ ನಡುವೆ ಮತ್ತೊಂದು ಎಂದು ಸಾವಿರಾರು ಚಿತ್ರ ಬರೆದರು. ಅವರು ಬಳಸಿದ್ದು ತೆಳುವಾದ ರೈಸ್ ಪೇಪರ್. ಕೆಳಗಿನ ಹಾಳೆಯ ಗೆರೆ ಮೇಲಿನ ಹಾಳೆಯಲ್ಲಿ ಕಾಣಬೇಕು, ಎರಡು ಹಾಳೆಗಳೂ ಒಂದರ ಮೇಲೊಂದು ಕದಲದೆ ಕೂರಬೇಕು. ಅದಕ್ಕಾಗಿ ಅವರು ಹಾಳೆಯ ಮೂಲೆಗಳಲ್ಲಿ ಕೂಡು ಗುರುತು ಹಾಕಿಕೊಳ್ಳುತ್ತಿದ್ದರು. ಮುಂದೆ ಹಾಳೆಗಳಿಗೆ ತೂತು ಹೊಡೆದು ಗೂಟಗಳಿಗೆ ಸಿಕ್ಕಿಸುವ ಪಟ್ಟಿ ಬಂತು, ಕೆಳಗೆ ದೀಪವಿರುವ ಗಾಜಿನ ಮೇಜು ಬಂತು. ಗೂಟ, ದೀಪ, ಹಾಳೆ ಇಷ್ಟರಿಂದಲೇ ದಶಕಗಟ್ಟಲೆ ಕೆಲಸ ನಡೆಯಿತು.

ಪೊರೆನೋಟ: ಎಲ್ಲಿ?

ದೀಪದ ಮೇಜು ಮಾಡುತ್ತಿದ್ದ ಕೆಲಸವನ್ನು ಈಗ ಸಾಫ್ಟ್‌ವೇರ್ ಮಾಡುತ್ತದೆ. ಅದಕ್ಕೆ ಆನಿಯನ್ ಸ್ಕಿನ್ ಎಂದು ಹೆಸರು. ನಾವು ಪೊರೆನೋಟ ಎನ್ನೋಣ. ಬರೆಯುತ್ತಿರುವ ಖಾಲಿ ಫ್ರೇಮಿನ ಕೆಳಗೆ ಹಿಂದಿನ ಮತ್ತು ಮುಂದಿನ ಚಿತ್ರಗಳು ಮಸುಕಾಗಿ ಕಾಣುತ್ತವೆ. ಹಲವು ಸಾಫ್ಟ್‌ವೇರ್‌ಗಳಲ್ಲಿ ಹಿಂದಿನದಕ್ಕೆ ಕೆಂಪು ಛಾಯೆ, ಮುಂದಿನದಕ್ಕೆ ಹಸಿರು ಛಾಯೆ ಇರುತ್ತದೆ. ಬೇಕಾದರೆ ಬಣ್ಣ ಬದಲಿಸಿಕೊಳ್ಳಬಹುದು, ಎಷ್ಟು ಪೊರೆ ಕಾಣಬೇಕೆಂದೂ ಹೇಳಬಹುದು.

ಕೆಂಪು ಗೆರೆ ಇಲ್ಲಿದೆ, ಹಸಿರು ಗೆರೆ ಅಲ್ಲಿದೆ, ಎರಡಕ್ಕೂ ಸರಿಯಾಗಿ ನಡುವೆ ಹೊಸ ಗೆರೆ ಎಳೆದರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಮೂರನೆಯ ಕಲಾವಿದರು ಮಾಡಿದ್ದು ಇದನ್ನೇ. ಇಳಿಬಿದ್ದ ಕೈಯ ಬೆರಳಿಗೂ ಚಾಚಿದ ಕೈಯ ಬೆರಳಿಗೂ ನೇರ ಗೆರೆ ಎಳೆದು, ಅದರ ಮಧ್ಯಬಿಂದುವಿನಲ್ಲಿ ಹೊಸ ಬೆರಳನ್ನು ಇಟ್ಟರು. ಸ್ಕೇಲು ಹಿಡಿದು ಅಳೆದರೆ ಆ ಬಿಂದು ಭುಜದಿಂದ ಕೇವಲ 7 ಸೆಂಟಿಮೀಟರ್ ದೂರದಲ್ಲಿದೆ. 10 ಸೆಂಟಿಮೀಟರ್ ತೋಳು ನಡುದಾರಿಯಲ್ಲಿ 3 ಸೆಂಟಿಮೀಟರ್ ಕಳೆದುಕೊಂಡಿತು. ಕೈ ಗಿಡ್ಡವಾಗಿ ಮತ್ತೆ ಉದ್ದವಾದದ್ದು ಇದೇ ಕಾರಣಕ್ಕೆ.

ತೋಳು ಭುಜದ ಕೀಲಿನ ಸುತ್ತ ತಿರುಗುವಂಥದ್ದು, ಬೆರಳು ಹೋಗುವುದು ಕಮಾನಿನ ದಾರಿಯಲ್ಲಿ. ಪೊರೆನೋಟ ತುದಿಗಳನ್ನು ತೋರಿಸುತ್ತದೆಯೇ ಹೊರತು ಕಮಾನನ್ನು ತೋರಿಸುವುದಿಲ್ಲ. ಅದನ್ನು ನಾವೇ ಎಳೆದುಕೊಳ್ಳಬೇಕು. ಬೇರೆ ಪದರದಲ್ಲಿ, ಕಾಗದವಾದರೆ ತಿಳಿನೀಲಿ ಪೆನ್ಸಿಲಿನಲ್ಲಿ, ಭುಜವನ್ನು ಕೇಂದ್ರವಾಗಿಟ್ಟುಕೊಂಡು ಬೆರಳಿನಿಂದ ಬೆರಳಿಗೆ ಒಂದು ಕಮಾನು ಎಳೆಯುವುದು ಮೊದಲ ಕೆಲಸ. ಆಮೇಲೆ ಅದರ ಮೇಲೆ ಅಂತರದ ಚುಕ್ಕಿಗಳನ್ನು ಇಡುವುದು. ಚಿತ್ರ ಬರೆಯುವುದು ಎಲ್ಲಕ್ಕಿಂತ ಕೊನೆಗೆ.

ಚುಕ್ಕಿಗಳನ್ನು ಎಲ್ಲಿ ಇಡಬೇಕೆಂದು ಹೇಳಲು ಮುಖ್ಯ ಕಲಾವಿದರು ಮುಖ್ಯಚಿತ್ರದ ಅಂಚಿನಲ್ಲಿ ಒಂದು ಚಿಕ್ಕ ಉದ್ದಗೆರೆ ಎಳೆದು ಅದರ ಮೇಲೆ ಅಡ್ಡ ಗೀಟುಗಳನ್ನು ಹಾಕುತ್ತಾರೆ. ಇದು ಅಂತರಗೆರೆ, 'ಟೈಮಿಂಗ್ ಚಾರ್ಟ್'. ನಮ್ಮ ಹುಡುಗಿಯದರಲ್ಲಿ ಮೇಲಿನ ತುದಿಗೆ 1, ಕೆಳತುದಿಗೆ 7, ಇವೆರಡೂ ಮುಖ್ಯಚಿತ್ರಗಳು. ಸರಿಯಾಗಿ ನಡುವೆ 4, ಅದು ಹಾದಿಚಿತ್ರ. 1 ಮತ್ತು 4ರ ಅರ್ಧಕ್ಕೆ 3, 1 ಮತ್ತು 3ರ ಅರ್ಧಕ್ಕೆ 2. ಅತ್ತ 4 ಮತ್ತು 7ರ ಅರ್ಧಕ್ಕೆ 5, 5 ಮತ್ತು 7ರ ಅರ್ಧಕ್ಕೆ 6. ಎಲ್ಲ ಕಡೆಯೂ ಬರೀ ಅರ್ಧ, ಅರ್ಧ. ಆದರೆ ಹೀಗೆ ಅರ್ಧ ಮಾಡುತ್ತಾ ಹೋದಾಗ ಚಿತ್ರಗಳು ಎರಡೂ ತುದಿಗಳಲ್ಲಿ ಒತ್ತೊತ್ತಾಗಿ ಕೂರುತ್ತವೆ, ನಡುವೆ ವಿರಳವಾಗುತ್ತವೆ. 2, 2, 4, 4, 2, 2 ಎಂಬ ಹಂಚಿಕೆ ಬಂದದ್ದು ಇಲ್ಲಿಂದಲೇ. ಮೂರನೇ ಒಂದು, ಐದನೇ ಎರಡು ಎಂಬಂಥ ಭಾಗಗಳನ್ನು ಕಣ್ಣಳತೆಯಲ್ಲಿ ನಂಬಿಕೆಯಿಂದ ಬರೆಯುವುದು ಕಷ್ಟ, ಅರ್ಧವನ್ನು ಕಣ್ಣು ಸಲೀಸಾಗಿ ಹಿಡಿಯುತ್ತದೆ. ಅಂತರಗೆರೆಗಳಲ್ಲಿ ಅರ್ಧವೇ ಹೆಚ್ಚಾಗಿ ಕಾಣುವುದು ಅದಕ್ಕೇ.

ಬರೆಯುವ ಸರದಿ ಯಾಕೆ ಮುಖ್ಯ

ಹೀಗಾಗಿ ಚಿತ್ರಗಳನ್ನು ಬರೆಯುವ ಸರದಿ 1, 2, 3 ಅಲ್ಲ. ಅದು 1, 7, 4, 3, 2, 5, 6. ಈ ಸರದಿಯಲ್ಲಿ ಒಂದು ಲಾಭ ಅಡಗಿದೆ. 1 ಮತ್ತು 7ರ ನಡುವೆ ತೋಳು 90 ಡಿಗ್ರಿ ತಿರುಗುತ್ತದೆ, ಅಲ್ಲಿ ನೇರ ಮಧ್ಯ ಹಿಡಿದರೆ ತಪ್ಪು 3 ಸೆಂಟಿಮೀಟರ್. ಆದರೆ 4ನ್ನು ಕಮಾನಿನ ಮೇಲೆ ಸರಿಯಾಗಿ ಕೂರಿಸಿದ ಮೇಲೆ 1 ಮತ್ತು 4ರ ನಡುವೆ ಉಳಿಯುವುದು 45 ಡಿಗ್ರಿ. ಅಲ್ಲಿ ಯಾರಾದರೂ ನೇರ ಮಧ್ಯ ಹಿಡಿದರೂ ತಪ್ಪು 8 ಮಿಲಿಮೀಟರಿಗೆ ಇಳಿಯುತ್ತದೆ. ಮತ್ತೊಮ್ಮೆ ಅರ್ಧ ಮಾಡಿ 2ನ್ನು ಬರೆಯುವಾಗ ತಪ್ಪು 2 ಮಿಲಿಮೀಟರ್. ಅಂದರೆ ದೊಡ್ಡ ತಪ್ಪಿಗೆ ಅವಕಾಶವಿರುವುದು ಹಾದಿಚಿತ್ರದಲ್ಲಿ ಮಾತ್ರ. ಅದನ್ನು ಅನುಭವಿ ಕಲಾವಿದರು ತಾವೇ ಬರೆದು, ಉಳಿದದ್ದನ್ನು ಸಹಾಯಕರಿಗೆ ಬಿಡುವ ಪದ್ಧತಿಗೆ ಇದು ಗಟ್ಟಿಯಾದ ಕಾರಣ.

ಹಾದಿಚಿತ್ರದಲ್ಲಿ ಇನ್ನೂ ಒಂದು ತೀರ್ಮಾನ ಆಗುತ್ತದೆ. ಮನುಷ್ಯ ಕೈ ಎತ್ತುವಾಗ ಇಡೀ ತೋಳು ಕೋಲಿನ ಹಾಗೆ ಏಳುವುದಿಲ್ಲ. ಮೊಣಕೈ ಮುಂದೆ ಹೊರಡುತ್ತದೆ, ಮಣಿಕಟ್ಟು ಅದರ ಹಿಂದೆ ಎಳೆಸಿಕೊಂಡು ಬರುತ್ತದೆ, ಬೆರಳು ಕೊನೆಗೆ ಬಿಚ್ಚುತ್ತದೆ. 1 ಮತ್ತು 7ನ್ನು ಎಷ್ಟು ಹೊತ್ತು ನೋಡಿದರೂ ಇದು ಅಲ್ಲಿ ಸಿಗುವುದಿಲ್ಲ. 4ರಲ್ಲಿ ಅಂಗೈಯನ್ನು ಕೆಳಕ್ಕೆ ಬಾಗಿಸಿ ಬರೆದರೆ ಸಾಕು, 3 ಮತ್ತು 5 ತಾವಾಗಿಯೇ ಆ ಬಾಗನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ.

ಇಲ್ಲಿ ಪೊರೆನೋಟದಿಂದ ಬರುವ ಒಂದು ತೊಡಕನ್ನು ಹೇಳಬೇಕು. ಸಾಫ್ಟ್‌ವೇರ್ ಸಾಮಾನ್ಯವಾಗಿ ತೋರಿಸುವುದು ಪಕ್ಕದ ಚಿತ್ರವನ್ನು. 1ನ್ನು ನೋಡಿ 2, 2ನ್ನು ನೋಡಿ 3, 3ನ್ನು ನೋಡಿ 4 ಎಂದು ಬರೆಯುತ್ತಾ ಹೋದರೆ, ಪ್ರತಿ ಚಿತ್ರದಲ್ಲೂ ಗೆರೆಯ ದಪ್ಪದಷ್ಟು ಆಗುವ ತಪ್ಪು ಮುಂದಿನದಕ್ಕೆ ದಾಟಿ ಸೇರುತ್ತಾ ಹೋಗುತ್ತದೆ. ಕೆಲವೇ ಚಿತ್ರಗಳಲ್ಲಿ ಅಂಗೈ ಊದಿಕೊಂಡಿರುತ್ತದೆ, ಇಲ್ಲವೇ ತೋಳು ಸಣಕಲಾಗಿರುತ್ತದೆ. ಪಕ್ಕಪಕ್ಕದ ಎರಡು ಚಿತ್ರ ಹೋಲಿಸಿದರೆ ಇದು ಗೊತ್ತೇ ಆಗುವುದಿಲ್ಲ, ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗೆ ಇಟ್ಟಾಗ ಎದ್ದು ಕಾಣುತ್ತದೆ. ಆದ್ದರಿಂದ ಪೊರೆಗಳನ್ನು ಪಕ್ಕದ ಚಿತ್ರಕ್ಕಲ್ಲ, ಅಂತರಗೆರೆ ಹೇಳಿದ ಜೋಡಿಗೆ ಕಟ್ಟಬೇಕು. 3 ಬರೆಯುವಾಗ ಕಾಣಬೇಕಾದದ್ದು 1 ಮತ್ತು 4, ಅವೆರಡು ಮಾತ್ರ. ಓಪನ್‌ಟೂನ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಬೇಕಾದ ಫ್ರೇಮಿನ ಪೊರೆಯನ್ನು ಹೀಗೆ ಕದಲದಂತೆ ನಿಲ್ಲಿಸುವ ಸೌಲಭ್ಯವಿದೆ. ಜಪಾನಿನ ಸ್ಟುಡಿಯೋ ಘಿಬ್ಲಿ ಬಳಸುತ್ತಿದ್ದ ಟೂನ್ಸ್‌ನಿಂದ ಬಂದ ಇದು 2016ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಐದಾರು ಪೊರೆಗಳನ್ನು ಒಟ್ಟಿಗೆ ತೆರೆದಿಟ್ಟರೆ ಗೆರೆಗಳ ಗೋಜಲಿನಲ್ಲಿ ಯಾವುದರ ನಡುವೆ ಬರೆಯುತ್ತಿದ್ದೇವೆ ಎಂಬುದೇ ತಪ್ಪಿಹೋಗುತ್ತದೆ.

ಹಾಳೆ ಸರಿಸಿ ಬರೆಯುವುದು

4ನ್ನು ಬರೆಯುವಾಗ ಎರಡು ತೋಳುಗಳ ಗೆರೆಗಳು ಎಷ್ಟೋ ದೂರದಲ್ಲಿರುತ್ತವೆ. ಅಷ್ಟು ದೂರದ ಎರಡು ಗೆರೆಗಳ ಸರಾಸರಿಯನ್ನು ಕೈ ಹಿಡಿಯಲಾರದು. ಇದಕ್ಕೆ ಸ್ಟುಡಿಯೋಗಳು ಕಂಡುಕೊಂಡ ಉಪಾಯ ಸರಳವಾಗಿದೆ.

ಖಾಲಿ ಹಾಳೆಯನ್ನು ಗೂಟಕ್ಕೆ ಸಿಕ್ಕಿಸಿ, ಅದರ ಮೇಲೆ 4ರ ಭುಜ ಎಲ್ಲಿ ಬರಬೇಕು, ಮಣಿಕಟ್ಟು ಕಮಾನಿನ ಮೇಲೆ ಎಲ್ಲಿ ಬರಬೇಕು ಎಂದು ಎರಡು ಚುಕ್ಕಿ ಇಡುತ್ತಾರೆ. ಆಮೇಲೆ 1ನೇ ಹಾಳೆಯನ್ನು ಗೂಟದಿಂದ ಬಿಡಿಸಿ, ಅದರ ಭುಜ ಮತ್ತು ಮಣಿಕಟ್ಟು ಈ ಎರಡು ಚುಕ್ಕಿಗಳ ಕೆಳಗೆ ಬರುವಂತೆ ತಿರುಗಿಸಿ ಇಡುತ್ತಾರೆ. 7ನೇ ಹಾಳೆಯನ್ನೂ ಹಾಗೆಯೇ. ಈಗ ದೂರವಿದ್ದ ಎರಡು ತೋಳುಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಬಂದಿರುತ್ತವೆ. ಅವುಗಳಲ್ಲಿ ಉಳಿದಿರುವ ವ್ಯತ್ಯಾಸ ಆಕಾರದ್ದು ಮಾತ್ರ. ಬೆರಳು ಇಷ್ಟು ಮಡಿಸಿದೆ, ತೋಳಿನ ಮಡಿಕೆ ಇಲ್ಲಿ ಸರಿದಿದೆ ಎಂಬಷ್ಟು. ಆ ಚಿಕ್ಕ ವ್ಯತ್ಯಾಸದ ನಡುವನ್ನು ಕೈ ಸುಲಭವಾಗಿ ಹಿಡಿಯುತ್ತದೆ. ಬರೆದಾದ ಮೇಲೆ ಎಲ್ಲ ಹಾಳೆಗಳನ್ನೂ ಮತ್ತೆ ಗೂಟಕ್ಕೆ ಸಿಕ್ಕಿಸಿ, ಕಮಾನಿನ ಮೇಲೆ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಾರೆ. ಓಪನ್‌ಟೂನ್ಸ್‌ನಲ್ಲಿ ಇದೇ ಕೆಲಸಕ್ಕೆ Shift and Trace ಎಂಬ ಆಯ್ಕೆ ಇದೆ. ಅಲ್ಲಿ ಸರಿಯುವುದು ಪೊರೆ ಮಾತ್ರ, ಮೂಲ ಚಿತ್ರ ಇದ್ದಲ್ಲೇ ಇರುತ್ತದೆ.

ಜಾಗದ ಪ್ರಶ್ನೆಯನ್ನೂ ಆಕಾರದ ಪ್ರಶ್ನೆಯನ್ನೂ ಬೇರೆ ಬೇರೆ ಮಾಡಿದ್ದೇ ಈ ಉಪಾಯದ ಬಲ. ಜಾಗವನ್ನು ಕಮಾನು ಹೇಳುತ್ತದೆ, ಆಕಾರವನ್ನು ಸರಿಸಿದ ಹಾಳೆ ಹೇಳುತ್ತದೆ.

ಫ್ರೇಮ್ ಪಟ್ಟಿ: ಯಾವಾಗ?

ಇಷ್ಟಾದರೂ ಏಳು ಚಿತ್ರಗಳ ಕಟ್ಟಿನಲ್ಲಿ ಒಂದು ವಿಷಯ ಎಲ್ಲೂ ಬರೆದಿಲ್ಲ. ಯಾವ ಚಿತ್ರ ಎಷ್ಟು ಹೊತ್ತು ನಿಲ್ಲಬೇಕು? ಒಂದೊಂದನ್ನೂ ಎರಡರ ಬದಲು ಮೂರು ಫ್ರೇಮು ನಿಲ್ಲಿಸಿದರೆ ಅರ್ಧ ಸೆಕೆಂಡಿನ ಚಲನೆ ಮುಕ್ಕಾಲು ಸೆಕೆಂಡಾಗುತ್ತದೆ, ಹುಡುಗಿ ಸುಸ್ತಾದವಳಂತೆ ಕಾಣುತ್ತಾಳೆ. ಪೊರೆನೋಟದಲ್ಲಿ ಮಾತ್ರ ಒಂದು ಗೆರೆಯೂ ಬದಲಾಗಿರುವುದಿಲ್ಲ. ಹೊತ್ತನ್ನು ಬರೆದಿಡುವ ಜಾಗ ಎಕ್ಸ್‌ಪೋಷರ್ ಶೀಟ್. ಅದನ್ನು ಫ್ರೇಮ್ ಪಟ್ಟಿ ಎನ್ನೋಣ.

ನೋಡಲು ಅದು ಅಂಗಡಿಯ ಲೆಕ್ಕದ ಪುಟದಷ್ಟೇ ಸಾದಾ. ಒಂದೊಂದು ಅಡ್ಡಸಾಲೂ ಒಂದೊಂದು ಫ್ರೇಮು, ಕಾಲ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಉದ್ದಸಾಲುಗಳು ಪದರಗಳು: ಮೈ ಒಂದರಲ್ಲಿ, ಕಣ್ಣು ಇನ್ನೊಂದರಲ್ಲಿ, ಹಿನ್ನೆಲೆ ಮತ್ತೊಂದರಲ್ಲಿ. ಒಂದು ಅಂಚಿನಲ್ಲಿ ಮಾತಿನ ಸಾಲು, ಇನ್ನೊಂದು ಅಂಚಿನಲ್ಲಿ ಕ್ಯಾಮೆರಾಕ್ಕೆ ಸೂಚನೆ. ಹಿಂದೆ ಕ್ಯಾಮೆರಾ ಹಿಡಿದವರು ಈ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದುತ್ತಾ ಫ್ರೇಮು ಫ್ರೇಮಾಗಿ ಚಿತ್ರೀಕರಿಸುತ್ತಿದ್ದರು. ಈಗ ಆ ಓದುವ ಕೆಲಸ ಸಾಫ್ಟ್‌ವೇರಿನದು.

ನಮ್ಮ ಹುಡುಗಿಯ ಎರಡು ಸೆಕೆಂಡಿನ ದೃಶ್ಯಕ್ಕೆ 48 ಸಾಲುಗಳು ಬೇಕು. ಮೈಯ ಪದರಕ್ಕೆ 'ಎ' ಎಂದು ಹೆಸರಿಟ್ಟರೆ ಪಟ್ಟಿ ಹೀಗಿರುತ್ತದೆ.

ಫ್ರೇಮು 1ರಿಂದ 12: ಎ1 (ಕೈ ಇಳಿಬಿದ್ದಿದೆ)
ಫ್ರೇಮು 13, 14: ಎ2
ಫ್ರೇಮು 15, 16: ಎ3
ಫ್ರೇಮು 17, 18: ಎ4
ಫ್ರೇಮು 19, 20: ಎ5
ಫ್ರೇಮು 21, 22: ಎ6
ಫ್ರೇಮು 23ರಿಂದ 48: ಎ7 (ಕೈ ಚಾಚಿದೆ)

48 ಫ್ರೇಮಿಗೆ ಏಳೇ ಚಿತ್ರ. ಚಲನೆಯ ಅಂತರಗೆರೆಯನ್ನು ಬರೆಯುವ ಮೊದಲೇ ಈ ಪಟ್ಟಿ ತಯಾರಾಗಬೇಕು. ನಡುವೆ ಐದು ಚಿತ್ರ ಬೇಕು ಎಂಬ ಸಂಖ್ಯೆ ಹುಟ್ಟಿದ್ದೇ ಇಲ್ಲಿ. ಹುಡುಗಿ 25ನೇ ಫ್ರೇಮಿನಲ್ಲಿ "ಅಲ್ಲಿ!" ಎನ್ನುತ್ತಾಳೆ ಎಂದು ಮಾತಿನ ಸಾಲಿನಲ್ಲಿ ಮೊದಲೇ ಗುರುತಾಗಿದೆ. ಕೈ ಮಾತಿಗಿಂತ ಒಂದೆರಡು ಫ್ರೇಮು ಮೊದಲು ತಲುಪಿದರೆ ಕಣ್ಣಿಗೂ ಕಿವಿಗೂ ಹೊಂದುತ್ತದೆ. ಹಾಗಾಗಿ 23ಕ್ಕೆ ಕೈ ನಿಲ್ಲಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ 13ಕ್ಕೆ ಹೊರಡಬೇಕು. 13ರಿಂದ 22ರವರೆಗೆ ಹತ್ತು ಫ್ರೇಮು, ಟೂಸ್‌ನಲ್ಲಿ ಐದು ಚಿತ್ರ. ಪಟ್ಟಿ ಸಂಖ್ಯೆ ಕೊಟ್ಟಿತು, ಸಂಖ್ಯೆ ಅಂತರಗೆರೆಗೆ ದಾರಿ ಮಾಡಿತು, ಅಂತರಗೆರೆ ಚುಕ್ಕಿಗಳನ್ನು ಹೇಳಿತು, ಪೊರೆನೋಟ ಆ ಚುಕ್ಕಿಗಳ ಮೇಲೆ ಚಿತ್ರ ಕೂರಿಸಿತು.

ಪಟ್ಟಿಯನ್ನು ಓದಿದರೆ ಇನ್ನೊಂದು ಕೊರತೆಯೂ ಚಿತ್ರ ಬರೆಯುವ ಮೊದಲೇ ಕಣ್ಣಿಗೆ ಬೀಳುತ್ತದೆ. ಎ7 ಒಂದೇ ಚಿತ್ರ 26 ಫ್ರೇಮು, ಅಂದರೆ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತಿದೆ. ಅಷ್ಟು ಹೊತ್ತು ಯಾವುದೂ ಕದಲದಿದ್ದರೆ ಪಾತ್ರ ಸತ್ತಂತೆ ಕಾಣುತ್ತದೆ. ಇಡೀ ಹುಡುಗಿಯನ್ನು ಮತ್ತೆ ಬರೆಯಬೇಕಾಗಿಲ್ಲ. 'ಬಿ' ಪದರದಲ್ಲಿ ಅರ್ಧ ಮುಚ್ಚಿದ ಕಣ್ಣು ಬಿ1, ಪೂರ್ತಿ ಮುಚ್ಚಿದ ಕಣ್ಣು ಬಿ2 ಎಂದು ಎರಡೇ ತುಣುಕು ಬರೆದು, ಬಿ1ನ್ನು 37, 38ಕ್ಕೆ, ಬಿ2ನ್ನು 39, 40ಕ್ಕೆ, ಮತ್ತೆ ಅದೇ ಬಿ1ನ್ನು 41, 42ಕ್ಕೆ ಹಾಕಿದರೆ ಹುಡುಗಿ ರೆಪ್ಪೆ ಬಡಿಯುತ್ತಾಳೆ. ಉಳಿದ ಸಾಲುಗಳಲ್ಲಿ ಬಿ ಪದರ ಖಾಲಿ ಎಂದು ಗುಣಿಸುವ ಗುರುತು ಹಾಕಿದರಾಯಿತು. ಎರಡು ಚಿತ್ರ ಸೇರಿದ್ದಕ್ಕೆ 26 ಫ್ರೇಮಿಗೆ ಜೀವ ಬಂತು.

ಎರಡನ್ನೂ ಒಟ್ಟಿಗೆ ಓದಬೇಕಾದ ಜಾಗ

ಈಗ ದೃಶ್ಯವನ್ನು ಓಡಿಸಿ ನೋಡಿದಾಗ ಕೈ ನಡುದಾರಿಯಲ್ಲಿ ಮಿಟುಕಿದಂತೆ, ಒಂದರ ಬದಲು ಎರಡು ಕೈ ಇದ್ದಂತೆ ಕಾಣಬಹುದು. ಕಾರಣ ಪೊರೆನೋಟದಲ್ಲಿದೆ. ಅಂಗೈಯ ಅಗಲ ಒಂದೂವರೆ ಸೆಂಟಿಮೀಟರ್, ಆದರೆ 3ರಿಂದ 4ಕ್ಕೆ ಅದು 4 ಸೆಂಟಿಮೀಟರ್ ಜಿಗಿದಿದೆ. ಎರಡು ಅಂಗೈಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಅಂತರ ಇಷ್ಟಾದಾಗ ಇವೆರಡೂ ಒಂದೇ ಕೈ ಎಂದು ಮಿದುಳು ಜೋಡಿಸುವುದು ಕಷ್ಟವಾಗುತ್ತದೆ.

ತೊಂದರೆ ಅಂತರದ್ದಾದರೂ ಪರಿಹಾರ ಪಟ್ಟಿಯಲ್ಲಿದೆ. ಅಂತರವನ್ನು ಕಡಿಮೆ ಮಾಡಿದರೆ ಕೈ ನಿಧಾನವಾಗುತ್ತದೆ, ಅದು ನಮಗೆ ಬೇಡ. ಅದರ ಬದಲು ವೇಗದ ಭಾಗವನ್ನು ಮಾತ್ರ ಒನ್ಸ್‌ಗೆ ತರಬೇಕು. 15ಕ್ಕೆ ಎ3, 16ಕ್ಕೆ ಹೊಸದೊಂದು ಮೂರೂವರೆ, 17ಕ್ಕೆ ಎ4, 18ಕ್ಕೆ ನಾಲ್ಕೂವರೆ, 19ರಿಂದ ಮತ್ತೆ ಮೊದಲಿನಂತೆ. ಈಗ ಎರಡು ಫ್ರೇಮಿಗೆ 4 ಸೆಂಟಿಮೀಟರ್ ಜಿಗಿಯುತ್ತಿದ್ದ ಕೈ ಒಂದು ಫ್ರೇಮಿಗೆ 2 ಸೆಂಟಿಮೀಟರಿನಂತೆ ಸಾಗುತ್ತದೆ. ವೇಗ ಅಷ್ಟೇ ಉಳಿಯಿತು, ಅಂತರ ಅರ್ಧವಾಯಿತು. ಎರಡು ಹೆಚ್ಚುವರಿ ಚಿತ್ರ ಬೇಕಾಯಿತು, ಅದೂ ಬೇಕಾದ ಜಾಗದಲ್ಲಿ ಮಾತ್ರ. ಇಡೀ ದೃಶ್ಯವನ್ನು ಒನ್ಸ್‌ನಲ್ಲಿ ಬರೆದಿದ್ದರೆ ಆಗುತ್ತಿದ್ದ ಶ್ರಮಕ್ಕೆ ಇದು ಎಲ್ಲಿಯ ಹೋಲಿಕೆ!

ಇದೇ ಲೆಕ್ಕವನ್ನು ಎದುರು ದಿಕ್ಕಿನಲ್ಲಿ ಮಾಡಿದವರೂ ಇದ್ದಾರೆ. 1963ರ ಜನವರಿ 1ರಂದು ಜಪಾನಿನ ಟೀವಿಯಲ್ಲಿ ಆರಂಭವಾದ ಒಸಾಮು ತೆಜುಕಾ ಅವರ 'ಆಸ್ಟ್ರೋ ಬಾಯ್' ವಾರಕ್ಕೊಂದು ಕಂತು ಮುಗಿಸಬೇಕಿತ್ತು. ಅಲ್ಲಿ ಚಿತ್ರಗಳನ್ನು ಹೆಚ್ಚಾಗಿ ಮೂರು ಮೂರು ಫ್ರೇಮು ನಿಲ್ಲಿಸಿದರು, ಅಂದರೆ ಸೆಕೆಂಡಿಗೆ ಎಂಟೇ ಚಿತ್ರ. ಚಿತ್ರಗಳು ಇಷ್ಟು ಕಡಿಮೆಯಾದಾಗ ಒಂದೊಂದು ಅಂತರದ ಮೇಲೂ ಭಾರ ಹೆಚ್ಚುತ್ತದೆ.

ಪಟ್ಟಿಗೂ ಅದರದೇ ಮಿತಿ ಇದೆ. ಹೊಡೆಯುವ ಹುಡುಗಿಯ ಪಟ್ಟಿಯೂ ತೋರಿಸುವ ಹುಡುಗಿಯ ಪಟ್ಟಿಯೂ ಅಕ್ಷರಶಃ ಒಂದೇ. ಎ1ರಿಂದ ಎ7, ಅದೇ ಫ್ರೇಮುಗಳು. ಪಟ್ಟಿಯಲ್ಲಿ ಕಾಲವಿದೆ, ಅಂತರವಿಲ್ಲ. ಪೊರೆನೋಟದಲ್ಲಿ ಅಂತರವಿದೆ, ಕಾಲವಿಲ್ಲ. ವೇಗ ಎನ್ನುವುದು ಎರಡೂ ಕೂಡಿದಾಗ ಮಾತ್ರ ಹುಟ್ಟುವಂಥದ್ದು. ಆದ್ದರಿಂದ ಕೊನೆಯ ಪರೀಕ್ಷೆ ಇವೆರಡರಲ್ಲೂ ಇಲ್ಲ. ಕಾಗದವಾದರೆ ಹಾಳೆಗಳನ್ನು ಬೆರಳ ಸಂದಿಯಲ್ಲಿ ಹಿಡಿದು ಮಗುಚಿ ನೋಡಬೇಕು. ಪರದೆಯಾದರೆ ಪೊರೆಗಳನ್ನು ಆರಿಸಿ, ಸೆಕೆಂಡಿಗೆ 24 ಫ್ರೇಮಿನ ನಿಜವಾದ ವೇಗದಲ್ಲಿ ಓಡಿಸಿ ನೋಡಬೇಕು.

ಮಾಡಿ ನೋಡುವವರಿಗೆ ಒಂದು ಮಾತು. ತೋಳಿನ ಬದಲು ಒಂದು ಕೋಲು ಬರೆದರೂ ಸಾಕು. ಮೊದಲು 48 ಸಾಲು ಎಳೆದು ಪಟ್ಟಿ ತುಂಬಿಸಿ, ಆಮೇಲೆ ಕಮಾನು ಎಳೆಯಿರಿ, ಅದರ ಮೇಲೆ ಚುಕ್ಕಿ ಇಡಿ, ಕೊನೆಗೆ 1, 7, 4, 3, 2, 5, 6ರ ಸರದಿಯಲ್ಲಿ ಬರೆಯಿರಿ. ಬಳಿಕ ಪಟ್ಟಿಯನ್ನು ಮುಟ್ಟದೆ ಚುಕ್ಕಿಗಳನ್ನು ಮಾತ್ರ 1, 1, 2, 3, 4, 5ರಂತೆ ಸರಿಸಿ ನಡುವಿನ ಐದನ್ನು ಮತ್ತೆ ಬರೆಯಿರಿ. ಎರಡನ್ನೂ ಓಡಿಸಿ ನೋಡಿದರೆ, ಮುಖ್ಯಚಿತ್ರಗಳನ್ನು ಒಂದಿಷ್ಟೂ ಬದಲಿಸದೆ ನಡುಚಿತ್ರಗಳೇ ಅರ್ಥವನ್ನು ಬದಲಿಸಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.